ಅನ್‌ಲಿಮಿಟೆಡ್ ವೆಬ್‌ಸೈಟ್: ಷರತ್ತು ಇರುವ ಮಾಲಿಗೆ ಆ ಹೆಸರು ಸಲ್ಲುತ್ತದೆಯೇ?

ಪರ

ಅಡಿಕೆ ಮಂಡಿ, ಕಲ್ಯಾಣ ಮಂಟಪ, ದಂತವೈದ್ಯರ ಕ್ಲಿನಿಕ್, ಫೋಟೋ ಸ್ಟುಡಿಯೊ: ಶಿವಮೊಗ್ಗದಲ್ಲಿ ವೆಬ್‌ಸೈಟ್ ಮಾಡಿಸುವವರಲ್ಲಿ ಹೆಚ್ಚಿನವರು ಇಂಥವರೇ. ಇವರ ಸೈಟುಗಳು ದಿನದ ಬಹುಪಾಲು ಸುಮ್ಮನಿರುತ್ತವೆ. ಅದಕ್ಕೇ ಒಂದೇ ಸರ್ವರ್‌ನಲ್ಲಿ ನೂರಾರು ಗಿರಾಕಿಗಳನ್ನು ಕೂರಿಸಲು ಸಾಧ್ಯ, ಅದಕ್ಕೇ ಬಾಡಿಗೆಯೂ ಅಗ್ಗ. ನಗರದ ಒಬ್ಬ ವೆಬ್ ಡಿಸೈನರ್ ಒಂದೇ ಅನ್‌ಲಿಮಿಟೆಡ್ ಪ್ಲಾನ್ ಕೊಂಡು ಹದಿನೈದು ಗಿರಾಕಿಗಳ ಸೈಟುಗಳನ್ನು ಅದರಲ್ಲಿ ನಡೆಸುತ್ತಾನೆ ಎಂದಿಟ್ಟುಕೊಳ್ಳಿ. ಜಾಗ ತುಂಬಿಲ್ಲ, ಬ್ಯಾಂಡ್‌ವಿಡ್ತ್ ಮುಗಿದಿಲ್ಲ, ಹಾಗಾಗಿ ಅನ್‌ಲಿಮಿಟೆಡ್ ಎಂಬುದು ನಿಜವೇ ಎನ್ನುತ್ತಾನೆ. ಈ ಮಾತು ಅರ್ಧ ಸರಿ. ಬರಹ ಮತ್ತು ಸಾಧಾರಣ ಚಿತ್ರಗಳಷ್ಟೇ ಇರುವ ಸೈಟಿಗೆ ಬ್ಯಾಂಡ್‌ವಿಡ್ತ್ ಅಡ್ಡ ಬರುವುದು ಅಪರೂಪ.

ಮಿತಿಗಳ ಪರವಾಗಿ ಇನ್ನೂ ಗಟ್ಟಿಯಾದ ವಾದವಿದೆ. 2010ರಲ್ಲಿ ಬಂದ ಕ್ಲೌಡ್‌ಲಿನಕ್ಸ್‌ನಂಥ ವ್ಯವಸ್ಥೆಗೆ ಮುಂಚೆ ಒಬ್ಬರ ಕೆಟ್ಟ ಪ್ರೋಗ್ರಾಮ್ ಇಡೀ ಸರ್ವರನ್ನೇ ಮಲಗಿಸುತ್ತಿತ್ತು. ಈಗ ಪ್ರತಿ ಖಾತೆಗೂ ಸಿಪಿಯು, ಮೆಮೊರಿ, ಏಕಕಾಲದ ಪ್ರೋಸೆಸ್‌ಗಳ ಮೇಲೆ ಬೇಲಿಯಿದೆ. ಆ ಬೇಲಿ ಪಕ್ಕದವರನ್ನು ಕಾಯುತ್ತದೆ. ಅದನ್ನು ಕಿತ್ತುಹಾಕಿ ಎಂದು ಯಾರೂ ಕೇಳಬಾರದು, ನಾನಂತೂ ಕೇಳುವುದಿಲ್ಲ.

ವಿರೋಧ

ನನ್ನ ಆಕ್ಷೇಪ ಬೇಲಿಯ ಮೇಲಲ್ಲ, ಜಾಹೀರಾತಿನಲ್ಲಿ ಅದು ಕಾಣದಿರುವುದರ ಮೇಲೆ. ‘ಎಷ್ಟು ಬೇಕಾದರೂ ವೆಬ್‌ಸೈಟ್’ ಎಂದರೆ ಎಷ್ಟು ಸೈಟುಗಳನ್ನಾದರೂ ಸೇರಿಸಬಹುದು ಎಂದಷ್ಟೇ ಅರ್ಥ. ಅವೆಲ್ಲ ಹಂಚಿಕೊಳ್ಳಬೇಕಾದದ್ದು ಒಂದೇ ಖಾತೆಯ ಪಾಲನ್ನು. ಆ ಡಿಸೈನರನ ಹದಿನೈದು ಸೈಟುಗಳಲ್ಲಿ ಒಂದು ಭದ್ರಾವತಿಯ ಪದವಿ ಕಾಲೇಜಿನದು ಎನ್ನೋಣ. ಖಾತೆಗೆ ಒಮ್ಮೆಗೆ 20 ಎಂಟ್ರಿ ಪ್ರೋಸೆಸ್ ಮಾತ್ರ. ಕಾಲೇಜಿನ ಆಂತರಿಕ ಪರೀಕ್ಷೆಯ ಫಲಿತಾಂಶದ ಪುಟ ಪಿಎಚ್‌ಪಿಯಲ್ಲಿದೆ, ಡೇಟಾಬೇಸ್‌ನಲ್ಲಿ ರಿಜಿಸ್ಟರ್ ನಂಬರಿಗೆ ಇಂಡೆಕ್ಸ್ ಹಾಕಿಲ್ಲ, ಹುಡುಕಲು ಎರಡು ಸೆಕೆಂಡ್ ಹಿಡಿಯುತ್ತದೆ. ಅಂದರೆ ಸೆಕೆಂಡಿಗೆ ಹತ್ತು ಜನರಿಗೆ ಮಾತ್ರ ಉತ್ತರ. ಬೆಳಗ್ಗೆ ಹನ್ನೊಂದಕ್ಕೆ ಸೆಕೆಂಡಿಗೆ ಮೂವತ್ತು ವಿದ್ಯಾರ್ಥಿಗಳು ಬಂದರೆ ಇಪ್ಪತ್ತು ಮಂದಿಗೆ `508 Resource Limit Is Reached` ಕಾಣುತ್ತದೆ. ಅವರು ಸುಮ್ಮನಿರದೆ ಮತ್ತೆ ಮತ್ತೆ ರಿಫ್ರೆಶ್ ಒತ್ತುತ್ತಾರೆ, ನೂಕುನುಗ್ಗಲು ಇನ್ನೂ ಹೆಚ್ಚುತ್ತದೆ. ಅದೇ ಹೊತ್ತಿಗೆ ಅಡಿಕೆ ಮಂಡಿಯ ದರದ ಪುಟವೂ ತೆರೆಯುವುದಿಲ್ಲ, ಅದೂ ಅದೇ ಖಾತೆಯಲ್ಲಿದೆ.

ಮಂಡಿಯ ಯಜಮಾನರು ಆಗ ‘ನಮ್ಮ ಅಂಗಡಿಯ ನೆಟ್ ಸ್ಪೀಡ್ ಹೆಚ್ಚಿಸಿ’ ಎಂದರೆ ಅಚ್ಚರಿಯಿಲ್ಲ. ಅಡಚಣೆ ಇರುವುದು ಅಂಗಡಿಯ ಕೇಬಲ್‌ನಲ್ಲಲ್ಲ. ಸರ್ವರ್ ನೋಡಿಕೊಳ್ಳುವವರು ಮೊದಲು ತೆರೆಯುವುದು ಸಿಪ್ಯಾನೆಲ್‌ನ `Resource Usage` ಪುಟವನ್ನು. ಅಲ್ಲಿ ಎಂಟ್ರಿ ಪ್ರೋಸೆಸ್‌ನ ಗೆರೆ 20ಕ್ಕೆ ತಾಗಿ ನಿಂತಿದ್ದರೆ ಕಾರಣ ಸಿಕ್ಕಂತೆ. ಇಂಡೆಕ್ಸ್ ಹಾಕಿ ಹುಡುಕಾಟವನ್ನು 0.2 ಸೆಕೆಂಡಿಗೆ ಇಳಿಸಿದರೆ, ಸಿಪಿಯು ಮಿತಿ ತಡೆಯದಿದ್ದಲ್ಲಿ, ಅದೇ ಇಪ್ಪತ್ತು ಪ್ರೋಸೆಸ್ ಸೆಕೆಂಡಿಗೆ ನೂರು ಜನರನ್ನು ನಿಭಾಯಿಸುತ್ತವೆ. ಫಲಿತಾಂಶಗಳನ್ನು ಮೊದಲೇ ಸಿದ್ಧ ಎಚ್‌ಟಿಎಂಎಲ್ ಪುಟಗಳಾಗಿ ಇಟ್ಟರೆ ಇನ್ನೂ ಒಳ್ಳೆಯದು. ಕ್ಲೌಡ್‌ಲಿನಕ್ಸ್‌ನಲ್ಲಿ ಸಾಮಾನ್ಯವಾಗಿ ಅವು ಎಂಟ್ರಿ ಪ್ರೋಸೆಸ್‌ನ ಲೆಕ್ಕಕ್ಕೇ ಬರುವುದಿಲ್ಲ.

ಹಾಗಾದರೆ ತಪ್ಪು ಪ್ರೋಗ್ರಾಮಿನದಲ್ಲವೇ, ಮಾರುವವರನ್ನು ಏಕೆ ದೂರಬೇಕು ಎನ್ನಬಹುದು. ಈ ಉದಾಹರಣೆಯಲ್ಲಿ ಪ್ರೋಗ್ರಾಮಿನ ಪಾಲೇ ದೊಡ್ಡದು, ಒಪ್ಪುತ್ತೇನೆ. ಆದರೆ ಇಪ್ಪತ್ತು ಎಂಬ ಸಂಖ್ಯೆ ಕೊಳ್ಳುವ ಮೊದಲೇ ಕಣ್ಣಿಗೆ ಬಿದ್ದಿದ್ದರೆ ಡಿಸೈನರ್ ಕಾಲೇಜನ್ನೂ ಮಂಡಿಯನ್ನೂ ಒಂದೇ ಖಾತೆಗೆ ತುಂಬುವ ಮುನ್ನ ಯೋಚಿಸುತ್ತಿದ್ದ. ಜಾಗದ ವಿಷಯವೂ ಹೀಗೆಯೇ. ಗಿಗಾಬೈಟ್‌ಗೆ ಮಿತಿಯಿಲ್ಲ ಎಂದವರು ಫೈಲುಗಳ ಎಣಿಕೆಗೆ ಮಿತಿ ಇಟ್ಟಿರುತ್ತಾರೆ, ಅದು ಐನೋಡ್ ಎಂಬ ಹೆಸರಿನಲ್ಲಿ ನಿಯಮಗಳ ಪುಟದಲ್ಲಿ ಕೂತಿರುತ್ತದೆ. ಸ್ಟುಡಿಯೊದವರು ವರ್ಡ್‌ಪ್ರೆಸ್‌ಗೆ ಹಾಕುವ ಮದುವೆಯ ಒಂದೊಂದು ದೊಡ್ಡ ಫೋಟೋವೂ ಬೇರೆ ಬೇರೆ ಅಳತೆಯ ಹಲವು ಫೈಲುಗಳಾಗುತ್ತದೆ. ಎಂಟೆಂದು ಹಿಡಿದರೂ 5,000 ಫೋಟೋಗೆ 40,000 ಫೈಲು. ಇನ್‌ಬಾಕ್ಸ್‌ನ ಒಂದೊಂದು ಮೇಲ್ ಕೂಡ ಸಾಮಾನ್ಯವಾಗಿ ಒಂದು ಫೈಲೇ. ಮಿತಿ ದಾಟಿದ ಖಾತೆಗೆ ಬ್ಯಾಕಪ್ ನಿಲ್ಲಿಸುವ ಕಂಪನಿಗಳೂ ಇವೆ. ಆಮೇಲೆ ಸೈಟ್ ಕೆಟ್ಟುಹೋದರೆ ಮರಳಿ ತರಲು ಹಳೆಯ ಪ್ರತಿಯೇ ಇರುವುದಿಲ್ಲ.

ಷರತ್ತುಗಳನ್ನು ಬರೆದಿಟ್ಟಿದ್ದೇವಲ್ಲ ಎಂಬುದು ಮಾರುವವರ ಕೊನೆಯ ಉತ್ತರ. ಆದರೆ ಜಾಹೀರಾತಿನ ಘೋಷಣೆಗೆ ಕೊಡುವ ಟಿಪ್ಪಣಿ ಅದನ್ನು ವಿವರಿಸಬಹುದೇ ಹೊರತು ಅದಕ್ಕೇ ವಿರುದ್ಧ ಹೋಗಬಾರದು ಎನ್ನುತ್ತವೆ ದಾರಿತಪ್ಪಿಸುವ ಜಾಹೀರಾತುಗಳ ಕುರಿತ ಕೇಂದ್ರದ 2022ರ ಮಾರ್ಗಸೂಚಿಗಳು. 20 ಎಂಬ ಮಿತಿ ‘ಅನ್‌ಲಿಮಿಟೆಡ್’ ಅನ್ನು ವಿವರಿಸುತ್ತದೆಯೋ, ಅಲ್ಲಗಳೆಯುತ್ತದೆಯೋ? ಸೈಟುಗಳ ಎಣಿಕೆಗೆ ಮಾತ್ರ ಆ ಪದ ಬಳಸಿದ್ದೇವೆ ಎಂದು ಅವರು ವಾದಿಸಬಹುದು, ಆ ವಾದವನ್ನು ಸುಲಭವಾಗಿ ತಳ್ಳಿಹಾಕಲಾಗದು. ಬೇರೆ ವಿಪಿಎಸ್ ಕೊಳ್ಳಿ ಎನ್ನುವುದೂ ಎಲ್ಲರಿಗೂ ಒಗ್ಗುವ ಪರಿಹಾರವಲ್ಲ, ಅದನ್ನು ಅಪ್‌ಡೇಟ್ ಮಾಡುತ್ತಾ ಕಾಯಲು ಬಲ್ಲವರೊಬ್ಬರು ಬೇಕು, ಸಣ್ಣ ಕಾಲೇಜಿಗೆ ಅಂಥವರು ಸಿಗುವುದು ಕಷ್ಟ. ಆದ್ದರಿಂದ ನಾನು ಕೇಳುವುದು ಇಷ್ಟೇ: ಎಂಟ್ರಿ ಪ್ರೋಸೆಸ್, ಮೆಮೊರಿ, ಐನೋಡ್ ಈ ಮೂರರ ಸಂಖ್ಯೆಗಳನ್ನು ಬೆಲೆಯ ಪಕ್ಕದಲ್ಲೇ, ಬೆಲೆಯಷ್ಟೇ ದೊಡ್ಡ ಅಕ್ಷರದಲ್ಲಿ ಹಾಕಲಿ.