ಪ್ರಾಸ್ಟೇಟ್ ಸೋಂಕಿಗೆ ವಾರಗಟ್ಟಲೆ ಔಷಧವೇಕೆ?

ಹೊಸಪೇಟೆ, ಕಂಪ್ಲಿ, ಸಂಡೂರುಗಳಂಥ ಊರುಗಳಲ್ಲಿ ಮೂತ್ರದ ಉರಿಗೆಂದು ಔಷಧದಂಗಡಿಯಿಂದ ಐದು ದಿನಗಳ ಗುಳಿಗೆಗಳನ್ನು ಕೇಳಿ ಕೊಳ್ಳುವ ಗಂಡಸರು ಅಪರೂಪವಲ್ಲ. ಉರಿ ಶಮನವಾಗುತ್ತದೆ, ಕೆಲವು ವಾರಗಳ ತರುವಾಯ ಮರಳಿ ಬರುತ್ತದೆ, ಪುನಃ ಐದು ದಿನಗಳ ಗುಳಿಗೆ. ಹೀಗೆ ಒಂದೇ ಬಗೆಯ ಬ್ಯಾಕ್ಟೀರಿಯ ಪದೇ ಪದೇ ಮೂತ್ರದಲ್ಲಿ ಕಾಣಿಸಿಕೊಂಡರೆ, ಅದರ ನೆಲೆ ಮೂತ್ರಕೋಶದ ಕೆಳಗಿರುವ ಪ್ರಾಸ್ಟೇಟ್ ಗ್ರಂಥಿಯಾಗಿರಬಹುದು. ಅಂಥ ದೀರ್ಘಕಾಲದ ಸೋಂಕಿಗೆ ವೈದ್ಯರು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಔಷಧ ಕೊಡುತ್ತಾರೆ. ಈ ಅವಧಿ ಅತಿಯೆಂದು ಹಲವರಿಗೆ ತೋರುತ್ತದೆ. ಅದು ಅತಿಯಲ್ಲವೆಂದು ನನ್ನ ಅಭಿಪ್ರಾಯ. ಅದರ ಹಿಂದಿನ ಕಾರಣಗಳಲ್ಲಿ ಒಂದು ಭೌತಶಾಸ್ತ್ರದ ಪಾಠಕ್ಕೆ ಬಹಳ ಸಮೀಪವಾದುದು.

ತುಂಗಭದ್ರೆಯ ಕಾಲುವೆ ದಡ ಮುಟ್ಟಿ ಹರಿದರೂ ಅದರ ಮಟ್ಟಕ್ಕಿಂತ ಮೇಲಿರುವ ಗದ್ದೆಗೆ ನೀರು ಏರದು. ರಕ್ತದಲ್ಲಿ ಔಷಧ ತುಂಬಿದ್ದರೂ ಪ್ರಾಸ್ಟೇಟಿನ ಸ್ಥಿತಿ ಕೆಲವೊಮ್ಮೆ ಹಾಗೆಯೇ. ರಕ್ತಕ್ಕೂ ಗ್ರಂಥಿಯ ಸ್ರಾವಕ್ಕೂ ನಡುವೆ ಕೊಬ್ಬಿನ ಅಂಶವುಳ್ಳ ಜೀವಕೋಶಗಳ ಪೊರೆಯಿದೆ. ವಿದ್ಯುದಾವೇಶವಿಲ್ಲದ ಅಣುಗಳು ಇದನ್ನು ಸುಲಭವಾಗಿ ದಾಟುತ್ತವೆ. ಆವೇಶ ಹೊತ್ತವು ಈಚೆಯೇ ಉಳಿಯುತ್ತವೆ. ಪೆನಿಸಿಲಿನ್ ಗುಂಪಿನ ಔಷಧಗಳು ಮೂತ್ರದಲ್ಲಿ ಧಾರಾಳವಾಗಿದ್ದರೂ ಈ ಗ್ರಂಥಿಯೊಳಗೆ ಸಾಕಷ್ಟು ಸೇರದಿರುವುದು ಇದರಿಂದಲೇ.

ಟ್ರೈಮೆಥೊಪ್ರಿಮ್ ಎಂಬ ಔಷಧವನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ಇದು ದುರ್ಬಲವಾದ ಪ್ರತ್ಯಾಮ್ಲ. ಲೆಕ್ಕದ ಸೌಕರ್ಯಕ್ಕಾಗಿ, ಪಿ.ಎಚ್. 7.4 ಇರುವಲ್ಲಿ ಅದರ ಅಣುಗಳಲ್ಲಿ ಅರ್ಧ ಆವೇಶರಹಿತ, ಅರ್ಧ ಆವೇಶಯುಕ್ತವೆಂದು ಭಾವಿಸೋಣ. ರಕ್ತದ ಪಿ.ಎಚ್. ಅಷ್ಟೇ, ಆದುದರಿಂದ ಅಲ್ಲಿ ದಾಟಬಲ್ಲ ಅಣು ಒಂದಿದ್ದರೆ ದಾಟಲಾರದ್ದು ಒಂದು, ಒಟ್ಟು ಎರಡು. ದಾಟಬಲ್ಲ ಅಣುಗಳು ಪೊರೆಯ ಎರಡೂ ಬದಿಗಳಲ್ಲಿ ಸಮವಾಗುತ್ತವೆ. ಸ್ರಾವದ ಪಿ.ಎಚ್. 6.4 ಆಗಿದ್ದರೆ, ಆ ಒಂದರ ಜೊತೆಗೆ ಆವೇಶಯುಕ್ತವಾದವು ಹತ್ತು, ಒಟ್ಟು ಹನ್ನೊಂದು. ಎಂದರೆ ಔಷಧ ರಕ್ತಕ್ಕಿಂತ ಐದೂವರೆ ಮಡಿ ಒಟ್ಟುಗೂಡುತ್ತದೆ. ನಾಯಿಗಳ ಪ್ರಾಸ್ಟೇಟ್ ಸ್ರಾವ ಆಮ್ಲೀಯವಾದುದರಿಂದ ಅವುಗಳಲ್ಲಿ ಇಂಥ ಫಲವೇ ದೊರೆಯಿತು. ಆದರೆ ಸೋಂಕು ತಗಲಿದ ಮನುಷ್ಯನಲ್ಲಿ ಸ್ರಾವ ಕ್ಷಾರೀಯವಾಗಿ ಅದರ ಪಿ.ಎಚ್. 8ಕ್ಕೂ ಮೇಲೇರುತ್ತದೆ. ಅದು 8.4 ಎಂದಿಟ್ಟುಕೊಂಡರೆ ಒಂದರ ಜೊತೆಗೆ 0.1 ಮಾತ್ರ, ಒಟ್ಟು 1.1, ರಕ್ತದಲ್ಲಿರುವುದರ ಅರ್ಧದಷ್ಟು. ರೋಗವೇ ಬಾಗಿಲನ್ನು ಅರೆಮುಚ್ಚಿದಂತೆ! ಫ್ಲೋರೊಕ್ವಿನೊಲೋನ್ ಗುಂಪಿನ ಸಿಪ್ರೊಫ್ಲಾಕ್ಸಸಿನ್, ಲಿವೊಫ್ಲಾಕ್ಸಸಿನ್‌ಗಳಲ್ಲಿ ಆಮ್ಲ, ಪ್ರತ್ಯಾಮ್ಲಗಳ ಗುಣ ಎರಡೂ ಇರುವುದರಿಂದ ಅವು ಕ್ಷಾರೀಯ ಸ್ರಾವದಲ್ಲಿಯೂ ಸಾಕಷ್ಟು ಸೇರುತ್ತವೆ. ಬ್ಯಾಕ್ಟೀರಿಯ ಅವುಗಳಿಗೆ ಮಣಿಯುವಂತಿದ್ದರೆ ಅವಕ್ಕೆ ಮೊದಲ ಸ್ಥಾನ ದೊರೆತಿರುವುದು ಇದಕ್ಕಾಗಿ.

ಔಷಧ ಒಳಹೊಕ್ಕರೂ ಕೆಲಸ ಬೇಗ ಮುಗಿಯದು. ಗ್ರಂಥಿಯ ಕಿರುನಾಳಗಳಲ್ಲಿಯೂ ಅಲ್ಲಿ ಬೆಳೆಯುವ ಸಣ್ಣ ಹರಳುಗಳ ಮೇಲೂ ಬ್ಯಾಕ್ಟೀರಿಯಗಳು ಲೋಳೆಯ ಪದರ ಕಟ್ಟಿಕೊಂಡು, ನಿಧಾನವಾಗಿ ವಿಭಜನೆ ಹೊಂದುತ್ತ ವಾಸಿಸುತ್ತವೆ. ವಿಭಜನೆಯಲ್ಲಿ ತೊಡಗಿದವುಗಳನ್ನು ಔಷಧ ಸುಲಭವಾಗಿ ಕೊಲ್ಲುತ್ತದೆ, ಅರೆನಿದ್ರೆಯಲ್ಲಿರುವವು ಬದುಕಿಕೊಳ್ಳುತ್ತವೆ. ಐದು ದಿನಗಳಲ್ಲಿ ಮೂತ್ರ ಶುದ್ಧವಾಗಿ ಉರಿ ನಿಂತರೂ ನೆಲೆ ಹಾಗೆಯೇ ಉಳಿದಿರುತ್ತದೆ. ಅವು ಎಚ್ಚೆತ್ತಾಗಲೆಲ್ಲ ಔಷಧ ಅಲ್ಲಿಯೇ ಇರಬೇಕಾದುದರಿಂದ ವಾರಗಳು ಬೇಕು. ಹಾಗಿದ್ದೂ ಎಲ್ಲರೂ ಗುಣಮುಖರಾಗುವುದಿಲ್ಲ. ಹರಳುಗಳಿದ್ದಲ್ಲಿ ರೋಗ ಮರುಕಳಿಸುವುದುಂಟು.

ಇಷ್ಟರಿಂದ, ಕೆಳಹೊಟ್ಟೆಯ ನೋವಿರುವ ಪ್ರತಿಯೊಬ್ಬನೂ ಆರು ವಾರ ಗುಳಿಗೆ ನುಂಗಬೇಕೆಂದು ತಿಳಿಯಬಾರದು. ಪ್ರಾಸ್ಟೇಟಿನ ದೀರ್ಘಕಾಲದ ತೊಂದರೆಯುಳ್ಳವರಲ್ಲಿ ಬ್ಯಾಕ್ಟೀರಿಯ ಸಿಗುವುದು ನೂರಕ್ಕೆ ಹತ್ತಕ್ಕಿಂತಲೂ ಕಡಿಮೆ ಜನರಲ್ಲಿ. ಇದನ್ನು ಗುರುತಿಸುವ ಕ್ರಮವನ್ನು ಮಿಯರ್ಸ್ ಮತ್ತು ಸ್ಟೇಮಿ ಎಂಬ ವೈದ್ಯರು 1968ರಲ್ಲಿ ತಿಳಿಸಿದರು. ಅದರ ಸರಳ ರೂಪದಲ್ಲಿ, ಗ್ರಂಥಿಯನ್ನು ಒತ್ತುವ ಮೊದಲು ಒಮ್ಮೆ, ಒತ್ತಿದ ಬಳಿಕ ಒಮ್ಮೆ ಮೂತ್ರವನ್ನು ಸಂಗ್ರಹಿಸಿ ಬ್ಯಾಕ್ಟೀರಿಯಗಳನ್ನು ಬೆಳೆಸಿ ನೋಡುತ್ತಾರೆ. ಎರಡನೆಯದರಲ್ಲಿ ಹತ್ತು ಮಡಿಯಷ್ಟು ಹೆಚ್ಚಿದ್ದರೆ ಅವುಗಳ ನೆಲೆ ಪ್ರಾಸ್ಟೇಟ್. ಬೆಳೆದ ಬ್ಯಾಕ್ಟೀರಿಯ ಯಾವ ಔಷಧಕ್ಕೆ ಮಣಿಯುವುದೆಂಬುದೂ ಆಗಲೇ ತಿಳಿಯುತ್ತದೆ. ಈ ರೋಗಕ್ಕೆ ಹೆಚ್ಚಾಗಿ ಕಾರಣವಾದ ಇ. ಕೊಲೈ ನಮ್ಮ ದೇಶದ ಆಸ್ಪತ್ರೆಗಳಲ್ಲಿ ಬಹುಮಟ್ಟಿಗೆ ಸಿಪ್ರೊಫ್ಲಾಕ್ಸಸಿನ್‌ಗೆ ಮಣಿಯದಂತಾಗಿದೆ. ಅಲ್ಲದೆ ಆ ಗುಂಪಿನ ಔಷಧಗಳಿಂದ ಸ್ನಾಯುರಜ್ಜುಗಳಿಗೂ ನರಗಳಿಗೂ ಹಾನಿಯಾಗುವ ಸಂಭವವುಂಟು. ಆದುದರಿಂದ ಪರೀಕ್ಷೆಯಿಲ್ಲದೆ ಆರು ವಾರ ಕೊಡುವುದೂ ತಪ್ಪು, ಪರೀಕ್ಷೆಯಿಂದ ಖಚಿತವಾದ ಬಳಿಕ ಐದೇ ದಿನಕ್ಕೆ ನಿಲ್ಲಿಸುವುದೂ ತಪ್ಪು. ಯಾವ ಔಷಧ ಎಂಬುದನ್ನು ಪ್ರಯೋಗಾಲಯದ ವರದಿಯೂ ಗ್ರಂಥಿಯ ಪೊರೆಯೂ ಸೇರಿ ನಿರ್ಧರಿಸಬೇಕೇ ಹೊರತು ಅಂಗಡಿಯ ಕಟ್ಟೆಯಲ್ಲ. ಎಷ್ಟು ದಿನ ಎಂಬುದನ್ನು ನಿರ್ಧರಿಸಬೇಕಾದುದು ಬ್ಯಾಕ್ಟೀರಿಯದ ನೆಲೆ. ಉರಿ ನಿಂತ ದಿನವಲ್ಲ.