ಕೊನೇ ದುಡ್ಡು ಕೊನೇ ಸ್ವಿಚ್ಚಿಗೆ

ಕೆಲ್ಸದೋರ ಹತ್ರ ಕಾಗ್ದ ಪತ್ರ ಅಂತ ಹೋಗ್ಬಾರ್ದು, ಮನಸ್ಸಿಗೆ ನೋವಾಗುತ್ತೆ, ಒಳ್ಳೇ ಮಾತಲ್ಲಿ ಕೇಳ್ಬೇಕು ಅಂತ ನಮ್ಮ ತುಮಕೂರು ಕಡೆ ಎಲ್ರೂ ಬುದ್ಧಿ ಹೇಳ್ತಾರೆ. ನಾನು ಇದನ್ನ ಒಪ್ಪಲ್ಲ ಕಣ್ರಿ. ಅರ್ಧಕ್ಕೆ ನಿಂತ ಎಲೆಕ್ಟ್ರಿಕ್ ಕೆಲ್ಸ ಒಳ್ಳೇ ಮಾತಿಗೂ ಮುಗಿಯಲ್ಲ, ಬೈದ್ರೂ ಮುಗಿಯಲ್ಲ. ಅದು ಮುಗಿಯೋದು ನಮ್ಮ ಕೈಲಿ ಉಳಿದಿರೋ ದುಡ್ಡಿಂದ, ಮತ್ತೆ ಆ ದುಡ್ಡು ಯಾವತ್ತು, ಯಾತಕ್ಕೆ ಸಿಗುತ್ತೆ ಅಂತ ಬರೆದುಕೊಟ್ಟ ಒಂದು ಹಾಳೆಯಿಂದ.

ಎಲೆಕ್ಟ್ರಿಷಿಯನ್ನು ಯಾಕೆ ಬರಲ್ಲ ಅಂತ ಮೊದ್ಲು ತಿಳ್ಕೊಳಿ. ಅವ್ರು ಕೆಟ್ಟೋರು ಅಂತಲ್ಲ, ಲೆಕ್ಕ ಹಂಗೈತೆ. ನಮ್ಮನೇಲಿ ಎರಡು ದಿನದ ಕೆಲ್ಸ ಉಳಿದೈತೆ, ಸಿಗೋ ಬಾಕಿ ಎರಡು ಸಾವಿರ. ಪಕ್ಕದ ಬಡಾವಣೇಲಿ ಹೊಸ ಮನೆಯೋರು ಅಡ್ವಾನ್ಸೇ ಹತ್ತು ಸಾವಿರ ಕೊಡ್ತಾರೆ. ನೀವೇ ಆಗಿದ್ರೆ ಯಾವ ಮನೆಗೆ ಹೋಗ್ತಿದ್ರಿ? ಗೃಹಪ್ರವೇಶದ ದಿನ ಖುಷೀಲಿ ಬಟ್ಟೆ, ತಾಂಬೂಲದ ಜೊತೆ ಪೂರ್ತಿ ಲೆಕ್ಕ ಚುಕ್ತಾ ಮಾಡಿದ ಮನೆಗಳಲ್ಲೇ ಜಂಕ್ಷನ್ ಬಾಕ್ಸು ವರ್ಷಗಟ್ಲೆ ಬಾಯಿ ತೆಕ್ಕೊಂಡಿರೋದು. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು ಅಂತಾರಲ್ಲ, ಅದೇ.

ನಮ್ಮ ಮಹಡಿ ವೈರಿಂಗ್ ಲೆಕ್ಕ ಹೇಳ್ತೀನಿ. ಸಾಮಾನು ನಮ್ದು, ಕೂಲಿ ಮಾತ್ರ 42,000 ಅಂತ ಗುಬ್ಬಿ ಕಡೆಯ ಎಲೆಕ್ಟ್ರಿಷಿಯನ್ ಒಬ್ರಿಗೆ ಒಪ್ಸಿದ್ವಿ. 30,000 ಕೊಟ್ಟಾಗಿತ್ತು. ಸಿದ್ಧಗಂಗೆ ಜಾತ್ರೆ ಮುಗೀಲಿ ಅಕ್ಕ ಅಂದ್ರು, ಯುಗಾದಿ ಕಳೀಲಿ ಅಕ್ಕ ಅಂದ್ರು. ಆಮೇಲೆ, ಹುಡುಗ್ರಿಗೆ ಕೂಲಿ ಕೊಡ್ಬೇಕು, ಇನ್ನೊಂದು ಎಂಟು ಸಾವಿರ ಹಾಕಿ, ಬತ್ತೀನಿ ಅಂದ್ರು. ಲೈಟು ಉರೀತೈತೆ, ಫ್ಯಾನು ತಿರುಗ್ತೈತೆ, ಇನ್ನೇನು ಕೊಟ್ಬಿಡು ಅಂದ್ರು ಮನೇಲಿ.

ಇಲ್ಲೇ ನನ್ನ ಜಗಳ. ಅರ್ತಿಂಗ್ ಇಲ್ದಿದ್ರೂ ಲೈಟು ಉರಿಯುತ್ತೆ. ಅರ್ತ್ ವೈರು ದಿನಾ ಯಾವ ಕೆಲ್ಸಾನೂ ಮಾಡಲ್ಲ. ಗೀಸರ್ ಒಳಗೆ ಕಾಯಿಲ್ ಒಡೆದು ಕರೆಂಟು ಮೈಗೆ ಬಂದ ದಿನ ಮಾತ್ರ ಅದರ ಕೆಲ್ಸ. ಅವತ್ತು ಅದು ಇಲ್ಲ ಅಂತ ಗೊತ್ತಾಗೋದು ಒದ್ದೆ ಕೈಲಿ ನಲ್ಲಿ ಮುಟ್ಟಿದೋರಿಗೆ. ನಮ್ಮನೇಲಿ ಉಳಿದಿದ್ದು ಅದೇ ಕೆಲ್ಸ: ಅರ್ತ್ ಗುಂಡಿ, ಡಿಬಿ ಬಾಕ್ಸಿಗೆ ಆರ್‌ಸಿಸಿಬಿ, ಗೀಸರ್ ಪಾಯಿಂಟು, ಮೆಟ್ಟಿಲ ಟೂ-ವೇ ಸ್ವಿಚ್ಚು.

ಬಾಕಿ ಕೆಲ್ಸಕ್ಕೆ ಏನಾಗುತ್ತೆ ಅಂತ ಇನ್ನೊಬ್ಬರನ್ನ ಕರೆಸಿ ಕೇಳಿದೆ. ಕೂಲಿ 6,000 ಅಂದ್ರು. ಹಿಡ್ಕೊಳ್ಳೋ ದುಡ್ಡು ಇದಕ್ಕಿಂತ ಕಮ್ಮಿ ಇರ್ಬಾರ್ದು. ಕಮ್ಮಿ ಇದ್ರೆ ಅವ್ರು ಬಿಟ್ಟೇ ಹೋಗ್ತಾರೆ. ಹಂಗಂತ ಸಿಟ್ಟಲ್ಲಿ ಪೂರ್ತಿ 12,000 ಹಿಡ್ಕೊಳ್ಳೋದೂ ತಪ್ಪು. ಮಾಡಿರೋ ಕೆಲ್ಸದ ಕೂಲಿ ಅವರ ಹುಡುಗ್ರ ಬೆವರು, ಅದನ್ನ ತಡೆಯೋ ಹಕ್ಕು ನಮಗಿಲ್ಲ. ಅದಕ್ಕೆ 4,000 ಕೊಟ್ಟು 8,000 ಇಟ್ಕೊಂಡೆ. ಜೊತೆಗೆ ಈ ಪತ್ರ ಬರೆದೆ:

“ತುಮಕೂರು, 7-4-2025.
ನಮಸ್ಕಾರ. ಮಹಡಿ ವೈರಿಂಗ್ ಕೂಲಿ ಒಟ್ಟು ರೂ. 42,000ದಲ್ಲಿ ರೂ. 30,000 ಸಂದಿದೆ. ಮುಗಿದ ಕೆಲಸಕ್ಕಾಗಿ ಇಂದು ರೂ. 4,000 ಕಳಿಸಿದ್ದೇನೆ. ರೂ. 8,000 ನನ್ನಲ್ಲಿದೆ.
ಬಾಕಿ ಕೆಲಸ: 1. ಅರ್ತ್ ಗುಂಡಿ ತೋಡಿ ಪೈಪ್ ಇಟ್ಟು, ಮಹಡಿಯ ಎಲ್ಲಾ ಪ್ಲಗ್‌ಗಳಿಗೆ ಅರ್ತ್ ಜೋಡಿಸುವುದು. ಗುಂಡಿ ಮುಚ್ಚುವ ಮೊದಲು ನನಗೆ ತೋರಿಸಬೇಕು. 2. ತಂದಿಟ್ಟಿರುವ 30 ಮಿಲಿಆಂಪಿಯರ್ ಆರ್‌ಸಿಸಿಬಿ ಕೂರಿಸುವುದು. 3. ಗೀಸರ್‌ಗೆ 16 ಆಂಪಿಯರ್ ಪಾಯಿಂಟ್. 4. ಮೆಟ್ಟಿಲ ಟೂ-ವೇ ಸ್ವಿಚ್. 5. ಎಲ್ಲಾ ಜಂಕ್ಷನ್ ಬಾಕ್ಸ್‌ಗಳಿಗೆ ಮುಚ್ಚಳ.
ಇವೆಲ್ಲ 25-4-2025ರ ಸಂಜೆಯೊಳಗೆ ಮುಗಿಯಬೇಕು. ಮುಗಿಸಿ ಪರೀಕ್ಷೆ ಮಾಡಿ ತೋರಿಸಿದ ದಿನವೇ ರೂ. 5,500 ಕೊಡುತ್ತೇನೆ. ಉಳಿದ ರೂ. 2,500 ತಿಂಗಳು ಕಳೆದು, ಯಾವ ತೊಂದರೆಯೂ ಇಲ್ಲದಿದ್ದರೆ, 25-5-2025ರಂದು.
ಆ ದಿನಕ್ಕೆ ಮುಗಿಯದಿದ್ದರೆ ಬೇರೆಯವರಿಂದ ಮಾಡಿಸಿ, ಅವರ ಬಿಲ್ಲನ್ನು ಈ ರೂ. 8,000ದಲ್ಲಿ ಕಳೆದು, ಮಿಕ್ಕಿದ್ದನ್ನು ಬಿಲ್ಲಿನ ಪ್ರತಿಯೊಂದಿಗೆ ನಿಮಗೆ ಕಳಿಸುತ್ತೇನೆ. ತಾರೀಖು ಆಗದಿದ್ದರೆ ಮೂರು ದಿನದೊಳಗೆ ಬರೆದು ತಿಳಿಸಿ.”

ಇದರಲ್ಲಿ ಬೈಗುಳ ಇಲ್ಲ ನೋಡಿ. ‘ಬೇಗ ಮುಗಿಸಿ’ ಅನ್ನೋ ಮಾತೂ ಇಲ್ಲ. ಬೇಗ ಅಂದ್ರೆ ಅವರಿಗೊಂದು ಅರ್ಥ, ನಮಗೊಂದು. ಹಬ್ಬದ ಹೆಸರು ಬೇಡ, ತಾರೀಖೇ ಬರೀರಿ. ನಮ್ಮ ದೇಶದ 1872ರ ಕರಾರು ಕಾಯಿದೆ ಪ್ರಕಾರ, ದಿನ ಗೊತ್ತು ಮಾಡಿರದ ಕೆಲ್ಸವನ್ನ ‘ಸಮಂಜಸವಾದ ಕಾಲ’ದಲ್ಲಿ ಮುಗಿಸ್ಬೇಕು. ಆ ಕಾಲ ಎಷ್ಟು ಅನ್ನೋ ವಾದಕ್ಕೆ ಕೊನೆಯಿಲ್ಲ. ಎರಡೂವರೆ ವಾರ ಟೈಮು ಕೊಟ್ಟು ಬರೆದ ತಾರೀಖು ಇದ್ರೆ ಮಾತು ಗಟ್ಟಿ. ದಿನಕ್ಕೆ ಐನೂರು ದಂಡ ಅಂತೆಲ್ಲ ಬರೀಬೇಡಿ. ಬರೆದ ದಂಡ ಪೂರ್ತಿ ಸಿಗುತ್ತೆ ಅಂತಿಲ್ಲ, ಅದೇ ಕಾಯಿದೆ ನ್ಯಾಯವಾದ ಪರಿಹಾರವನ್ನ ಮಾತ್ರ ಕೊಡ್ಸುತ್ತೆ. ಬೇರೆಯೋರ ಬಿಲ್ಲು ಕಳೀತೀನಿ ಅನ್ನೋದು ಕೈಲಿ ತೋರಿಸೋ ಲೆಕ್ಕ.

ಪತ್ರವನ್ನ ವಾಟ್ಸಾಪಲ್ಲೂ ಹಾಕಿ, ಸ್ಪೀಡ್ ಪೋಸ್ಟಲ್ಲೂ ಕಳಿಸಿ, ರಸೀತಿ ಇಟ್ಕೊಳಿ. ಅಡ್ವಾನ್ಸ್ ತಗೊಂಡು ಕಾಣೆಯಾದೋರ ಮೇಲೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಎರಡು ವರ್ಷದೊಳಗೆ ದೂರು ಕೊಡ್ಬೋದು. ಕೊಟ್ಟ ದುಡ್ಡು ಐದು ಲಕ್ಷದೊಳಗಿದ್ರೆ ಫೀಸಿಲ್ಲ. ಅಲ್ಲೂ ಕೇಳೋದು ಈ ಹಾಳೆಯನ್ನೇ.

ಪರೀಕ್ಷೆ ಅನ್ನೋ ಮಾತು ಯಾಕೆ ಹಾಕ್ದೆ ಅಂದ್ರೆ, ಆರ್‌ಸಿಸಿಬಿ ಮೇಲಿನ ‘ಟೆಸ್ಟ್’ ಗುಂಡಿ ಒತ್ತಿ, ಟಪ್ ಅಂತ ಬೀಳ್ತಲ್ಲ ಅಕ್ಕ, ಆಯ್ತು ಅಂತಾರೆ. ಆ ಗುಂಡಿ ಅರ್ತ್ ಇಲ್ದಿದ್ರೂ ಬೀಳುತ್ತೆ. ಅದು ಪರೀಕ್ಷೆ ಮಾಡೋದು ಆ ಡಬ್ಬಿಯನ್ನ ಮಾತ್ರ. ಪ್ರತಿ ಪ್ಲಗ್ಗಿನ ಫೇಸಿಗೂ ಅರ್ತಿಗೂ ಅವರೇ ಟೆಸ್ಟ್ ಲ್ಯಾಂಪ್ ಹಿಡೀಲಿ. ಮುಟ್ಟಿಸಿದ ತಕ್ಷಣ ಆರ್‌ಸಿಸಿಬಿ ಬಿದ್ರೆ ಅರ್ತ್ ಅಲ್ಲಿ ತನಕ ಬಂದೈತೆ. ಬೀಳಲಿಲ್ಲ ಅಂದ್ರೆ ಕೆಲ್ಸ ಮುಗಿದಿಲ್ಲ. ನಾವು ಕೈ ಹಾಕೋದು ಬೇಡ, ನಿಂತು ನೋಡಿದ್ರೆ ಸಾಕು. ನಮ್ಮಲ್ಲಿ 23ಕ್ಕೆ ಬಂದ್ರು. ಲ್ಯಾಂಪ್ ಹಿಡಿದಾಗ ಹಿಂದಿನ ರೂಮಿನ ಒಂದು ಪ್ಲಗ್ಗಲ್ಲಿ ಬೀಳಲಿಲ್ಲ. ಬಿಚ್ಚಿದ್ರೆ ಹಸಿರು ವೈರು ಒಳಗೆ ಸುತ್ತಿಟ್ಟಂಗೇ ಇತ್ತು. ಜೋಡಿಸಿದ್ರು, ಬಿತ್ತು. ಅಲ್ಲೇ ನಿಂತು 5,500 ಫೋನ್‌ಪೇ ಮಾಡ್ದೆ.

ಹಿಡಿದ ದುಡ್ಡನ್ನ ಹೇಳಿದ ದಿನ ಕೊಡದಿರೋದು ಕೆಲ್ಸ ಅರ್ಧಕ್ಕೆ ಬಿಟ್ಟಷ್ಟೇ ಮೋಸ. ‘ಬಡಪಾಯಿ, ಎಲ್ಲಿ ಹೋಗ್ತಾನೆ’ ಅಂತ ಆ 2,500ನ್ನ ಎಳೆದಾಡಿಸೋ ಮನೆಯೋರೂ ನಮ್ಮ ಬೀದೀಲಿ ಅವ್ರೆ. ಅಂಥೋರಿಂದ್ಲೇ ಕೆಲ್ಸದೋರು ಮುಂಗಡವಾಗಿ ಪೂರ್ತಿ ಕೇಳೋದು. ಪತ್ರ ಅವರಿಗೆ ಕಟ್ಟಿದ ಹಗ್ಗ ಅಲ್ಲ, ಎರಡೂ ಕಡೆಗೆ ಹಾಕಿದ ಗಂಟು. ಮೇ 25ಕ್ಕೆ ಅವರು ಫೋನ್ ಮಾಡೋದಕ್ಕೆ ಮುಂಚೆ ದುಡ್ಡು ಹೋಗಿರ್ಬೇಕು, ನಮ್ಮಲ್ಲಿ ಹೋಯ್ತು.