‘ಬೇಡ’ ಅಂದವರಿಗೇ ಮತ್ತೆ ಬರೆಯಿರಿ

ಒಮ್ಮೆ ಬೇಡ ಎಂದವರ ಬಾಗಿಲಿಗೆ ಮತ್ತೆ ಹೋಗುವುದು ಮಾನಗೇಡು ಎಂಬ ಮಾತನ್ನು ಶಿಕಾರಿಪುರ, ಸೊರಬದ ಗೆಳೆಯರಿಂದ ಕೇಳಿ ಸಾಕಾಗಿದೆ. ನಾವು ಒಪ್ಪುವುದಿಲ್ಲ. ಅವರು ಬೇಡವೆಂದದ್ದು ಅಂದಿನ ಆ ಹುದ್ದೆಗೆ ಮಾತ್ರ.

ಸೊರಬದ ನಮ್ಮ ಗೆಳತಿಯನ್ನು ಮಾರ್ಚ್‌ನಲ್ಲಿ ಬೆಂಗಳೂರಿನ ಸುದ್ದಿಸಂಸ್ಥೆಯೊಂದು ಡೆಸ್ಕ್ ಕೆಲಸಕ್ಕೆ ಸಂದರ್ಶಿಸಿ, ಅನುಭವ ಸಾಲದೆಂದು ಕಳಿಸಿತ್ತು. ಅಕ್ಟೋಬರ್‌ನಲ್ಲಿ ಅದೇ ಸಂಸ್ಥೆಗೆ ಶಿವಮೊಗ್ಗ ಜಿಲ್ಲೆಗೆ ವರದಿಗಾರರು ಬೇಕಾದರು. ಅವಳು ಮೊದಲು ಬರೆದದ್ದು ಒಂದೂವರೆ ಪುಟ: ಮನೆಯ ಕಷ್ಟ, ಅಂದಿನ ಬೇಸರ, ‘ದಯವಿಟ್ಟು ಒಂದು ಅವಕಾಶ’. ಎಲ್ಲ ಹೊಡೆದುಹಾಕಿಸಿದೆವು. ಉಳಿದದ್ದನ್ನು, ಪರಿಚಯ ಹೊಸದಾಗಿ ಹೇಳಬೇಕಾಗದಂತೆ, ಹಳೆಯ ಇಮೇಲ್‌ಗೇ ಉತ್ತರವಾಗಿ ಕಳಿಸಿದಳು:

‘ನಮಸ್ಕಾರ ಸರ್. ಮಾರ್ಚ್‌ನಲ್ಲಿ ಡೆಸ್ಕ್ ಹುದ್ದೆಗೆ ಸಂದರ್ಶನ ಕೊಟ್ಟಿದ್ದೆ. ಈಗ ಶಿವಮೊಗ್ಗ ವರದಿಗಾರರ ಹುದ್ದೆಗೆ ಅರ್ಜಿ ಹಾಕಿದ್ದೇನೆ. ಆಮೇಲಿನ ಆರು ತಿಂಗಳಲ್ಲಿ ಶಿಕಾರಿಪುರದ ಮೆಕ್ಕೆಜೋಳದ ಬೆಲೆ, ಸೊರಬದ ಗುಡವಿ ಪಕ್ಷಿಧಾಮದ ಬಗ್ಗೆ ಬರೆದ ಎರಡು ವರದಿ ಜೊತೆಗಿವೆ. ಹತ್ತು ನಿಮಿಷ ಮಾತಾಡಬಹುದೇ?’

ಇದರಲ್ಲಿ ಹಲ್ಲುಗಿಂಜುವುದು ಎಲ್ಲಿದೆ? ಅಂದು ಅನುಭವ ಸಾಲದೆಂದವರಿಗೆ ‘ಆಮೇಲಿನ ಆರು ತಿಂಗಳು’ ಎಂಬ ಸಾಲೇ ಉತ್ತರ. ಆ ಸಾಲಿಗೆ ಬರೆಯಲು ಏನೂ ಇಲ್ಲದಿದ್ದರೆ, ಹುದ್ದೆಯೂ ಹಳೆಯದೇ ಆಗಿದ್ದರೆ, ಕಳಿಸಬೇಡಿ. ಕಳಿಸಿ ವಾರವಾದರೂ ಸದ್ದಿಲ್ಲದಿದ್ದರೆ ಒಮ್ಮೆ ನೆನಪಿಸಿ, ಎರಡನೇ ಸಲ ಬೇಡ.